ನೂರಹದಿಮೂರನೆಯ ಅತ್ತೆ

ಕುಸುಮಳ ಡೈರಿಯಲ್ಲಿ ಆ ದಿನಕ್ಕೆ ಮುನ್ನೂರ ಎಂಬತ್ತೇಳು ಹಿಂದಿ ಶಬ್ದಗಳಿದ್ದವು. ಒಂದನೆಯದು ‘ಪಾನೀ’. ಕೊನೆಯದು ‘ಛಿಲ್ಕಾ’, ಅಂದರೆ ಸಿಪ್ಪೆ. ನಡುವೆ ಇದ್ದದ್ದಕ್ಕೆಲ್ಲ ಒಂದೇ ನಿಯಮ, ಕಿವಿಗೆ ಬಿದ್ದ ಹೊತ್ತಿನ ನಿಯಮ. ನೂರಹನ್ನೆರಡು ಚಪ್ಪಲ್, ನೂರಹದಿಮೂರು ಸಾಸ್ ಅಂದರೆ ಅತ್ತೆ, ನೂರಹದಿನಾಲ್ಕು ಧೀರೇ ಅಂದರೆ ನಿಧಾನ, ನೂರಹದಿನೈದು ಬಿಲ್ಲೀ ಅಂದರೆ ಬೆಕ್ಕು. ಬೆಕ್ಕು ಯಾಕೆ ಬಂತು ಎಂದರೆ ಆ ಹೊತ್ತಿಗೆ ಸರಿಯಾಗಿ ಒಂದು ಬೆಕ್ಕು ಗೋಣಿಚೀಲದ ಮೇಲಿಂದ ಹಾರಿತ್ತು.

ಕುಂದಾಪುರದ ಹೆದ್ದಾರಿಯಿಂದ ಸ್ವಲ್ಪ ಒಳಗೆ ಇರುವ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಕುಸುಮ ಸೂಪರ್‌ವೈಸರ್. ಹಟ್ಟಿಯಂಗಡಿಯಿಂದ ದಿನಾ ಬಸ್ಸಿಗೆ ಬರುವವಳು. ಇಪ್ಪತ್ತೆರಡು ವರ್ಷ ಬೆಂಚಿನ ಮೇಲೆ ಕೂತು ಬೀಜದ ಸಿಪ್ಪೆ ಸುಲಿದು, ಆಮೇಲೆ ಗ್ರೇಡಿಂಗಿಗೆ ಹೋಗಿ, ಐವತ್ತಾದ ಮೇಲೆ ಸೂಪರ್‌ವೈಸರ್ ಆದವಳು. ಅಕ್ಷರ ಕಲಿತದ್ದು ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಸಂಜೆಶಾಲೆಯಲ್ಲಿ. ಅಲ್ಲಿನ ಟೀಚರು ಕೊಟ್ಟ ಪಾಠವನ್ನು ಮೇಲಿನಿಂದ ಕೆಳಗೆ ಬಾಯಿಪಾಠ ಮಾಡಿಸುತ್ತಿದ್ದರು. ಮಗ್ಗಿ ಹಾಗೇ, ತಿಂಗಳ ಹೆಸರು ಹಾಗೇ. ಅದಕ್ಕೇ ಕುಸುಮಳಿಗೆ ಕಲಿಯುವುದೆಂದರೆ ಸಾಲು ಹಿಡಿದು ಇಳಿಯುವುದು.

ಹಿಂದಿ ಯಾಕೆ ಬೇಕಾಯಿತೆಂದರೆ, ದೀಪಾವಳಿ ಕಳೆದ ಮೇಲೆ ಝಾರ್ಖಂಡಿನಿಂದ ಹನ್ನೆರಡು ಹೆಂಗಸರು ಕೆಲಸಕ್ಕೆ ಬಂದರು. ಊರಿನ ಹುಡುಗಿಯರು ಈಗ ಬೀಜ ಸುಲಿಯಲು ಬರುವುದಿಲ್ಲ. ಫ್ಯಾಕ್ಟರಿಯ ಹಿಂದಿನ ಗೋದಾಮು ಕೋಣೆಯನ್ನು ಖಾಲಿ ಮಾಡಿಸಿ, ಅರ್ಧದಲ್ಲಿ ಚೀಲ ಒಟ್ಟಿ, ಉಳಿದರ್ಧದಲ್ಲಿ ಆ ಹನ್ನೆರಡು ಜನರನ್ನು ಸುಲಿಯಲು ಕೂರಿಸಿದರು. ಅವರಿಗೆ ಕನ್ನಡ ಬಾರದು, ಕುಸುಮಳಿಗೆ ಹಿಂದಿ ಬಾರದು. ಮೊದಲ ತಿಂಗಳು ಕೈಯಲ್ಲಿ, ಕಣ್ಣಲ್ಲಿ ನಡೆಯಿತು.

ಧನಿ ಪ್ರೇಮಾನಂದ ಶೆಟ್ರು ಒಂದು ದಿನ ಕರೆದು ಕೂರಿಸಿಯೇ ಹೇಳಿದರು. “ಕುಸುಮಕ್ಕ, ನಿಮ್ ಕೈ ಕೆಲ್ಸಕ್ಕೆ ನಾನ್ ಎಂತ ಹೇಳುದಿಲ್ಲೆ. ಆದ್ರೆ ಬಾಯಿ ಕೆಲ್ಸವೂ ಸೂಪರ್‌ವೈಸರಿಂದೇ ಅಲ್ದಾ? ಮಳೆ ಹಿಡಿವುದ್ರೊಳ್ಗೆ ನಿಮ್ಗೆ ಅವ್ರ್ ಹತ್ರ ಮಾತಾಡುಕೆ ಬರ್ಕ್. ಇಲ್ದಿದ್ರೆ ಗೋವರ್ಧನನ್ನ ಕೂರ್ಸ್ತೆ. ಬೇಜಾರ್ ಮಾಡ್ಕಂಬುಕಾಗ.”

ಗೋವರ್ಧನ ಪ್ಯಾಕಿಂಗಿನವನು. ಹದಿನೈದು ವರ್ಷ ಮುಂಬಯಿಯ ಕ್ಯಾಂಟೀನಿನಲ್ಲಿ ಇದ್ದು ಬಂದವನು, ಹಿಂದಿ ನೀರು ಕುಡಿದ ಹಾಗೆ. ಅವನು ಸೂಪರ್‌ವೈಸರ್ ಆದರೆ ಕುಸುಮ ಮತ್ತೆ ಬೆಂಚಿಗೆ. ಬೆಂಚು ಅವಮಾನದ ಜಾಗ ಅಂತ ಅವಳು ಯಾವತ್ತೂ ತಿಳಿದವಳಲ್ಲ. ಆದರೆ ಒಮ್ಮೆ ಎದ್ದ ಜಾಗಕ್ಕೆ ಎಲ್ಲರೆದುರು ಹೋಗಿ ಕೂರುವುದು ಬೇರೆ ಸಂಗತಿ. ಮಂಡಿಯೂ ಮೊದಲಿನ ಹಾಗೆ ಮಡಚುತ್ತಿರಲಿಲ್ಲ.

ಅವತ್ತೇ ಡೈರಿ ಶುರು. ಯಾರ ಬಾಯಿಂದ ಯಾವ ಶಬ್ದ ಬಿದ್ದರೂ ಕುಸುಮ ನಂಬರು ಹಾಕಿ ಬರೆಯುತ್ತಿದ್ದಳು. ಬಸ್ಸಿನಲ್ಲಿ ಓದುತ್ತಿದ್ದಳು. ಒಂದರಿಂದ ಹಿಡಿದು ಮುನ್ನೂರರವರೆಗೆ ಕಣ್ಣು ಮುಚ್ಚಿ ಹೇಳುತ್ತಿದ್ದಳು. ತೊಂದರೆ ಇದ್ದದ್ದು ಇಷ್ಟೇ, ನಡುವಿನಿಂದ ಒಂದನ್ನು ಎತ್ತಿಕೊಡು ಎಂದರೆ ಆಗುತ್ತಿರಲಿಲ್ಲ. ‘ಕೈಗವಸು ಹಾಕಿಕೊಳ್ಳಿ’ ಅನ್ನಬೇಕಾದರೆ ಅರುವತ್ತರ ಹತ್ತಿರ ಎಲ್ಲೋ ಇದೆ ಎಂದು ಐವತ್ತರಿಂದ ತುಟಿ ಅಲ್ಲಾಡಿಸುತ್ತ ಬರಬೇಕು. ಅಷ್ಟರಲ್ಲಿ ಎದುರಿನವಳು ಸುಲಿದು ಮುಗಿಸಿ ಎದ್ದಿರುತ್ತಿದ್ದಳು.

“ಹ್ವಾಯ್ ಕುಸುಮಕ್ಕ, ಗಾಡಿ ಎಲ್ಲಿಗೆ ಮುಟ್ತ್?” ಎಂದು ಗೋವರ್ಧನ ಡಬ್ಬ ಹೊತ್ತು ಹೋಗುತ್ತ ಕೇಳುವನು. “ನಿಮ್ದ್ ಸ್ಲೋ ಲೋಕಲ್ ಮಾರಾಯ್ರೆ. ಎಲ್ಲ ಸ್ಟೇಷನ್ನಲ್ಲೂ ನಿಲ್ತ್.”

“ನಿಂತ್ರೆ ಎಂತ ಆಯ್ತ್? ಮುಟ್ಟುದಂತೂ ಮುಟ್ತ್,” ಎಂದು ಅವಳು ಹೇಳುವಳು.

ಏಪ್ರಿಲಿನ ನಡುಭಾಗದಲ್ಲಿ ಗಾಡಿ ಮುಟ್ಟಲಿಲ್ಲ.

ಊಟದ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇತ್ತು. ಹಿಂದಿನ ಕೋಣೆಯಿಂದ ಸಬಿತಾ ಎಂಬವಳು ಓಡಿ ಬಂದು ಕುಸುಮಳ ಕೈ ಹಿಡಿದೆಳೆದಳು. ಒಳಗೆ ಫೂಲ್‌ಮಣಿ ಗೋಡೆಗೆ ಒರಗಿ ತಲೆ ತಗ್ಗಿಸಿ ಕೂತಿದ್ದಳು. ಕಣ್ಣಲ್ಲಿ ನೀರು, ಎದೆಯ ಮೇಲೆ ಕೈ. ಆ ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಮಾತಿನವಳು ಅವಳೇ.

“ಸಾಂಸ್ ನಹೀಂ ಆ ರಹೀ, ದೀದೀ,” ಎಂದಳು. ಸ್ವರ ಎಳೆಯುತ್ತಿತ್ತು.

ಕುಸುಮಳ ಕಿವಿಗೆ ಬಿದ್ದದ್ದು ‘ಸಾಸ್’. ನೂರಹದಿಮೂರು. ಮನಸ್ಸು ಸಾಲು ಹಿಡಿದು ಇಳಿದು ಅಲ್ಲಿ ನಿಂತಿತು. ಅತ್ತೆ ಬರುತ್ತಿಲ್ಲ. ಪಾಪ! ಹೋಳಿ ಕಳೆದ ಮೇಲೆ ಅತ್ತೆ ಮಗುವನ್ನು ಕರೆದುಕೊಂಡು ಬರುತ್ತಾಳೆಂದು ಫೂಲ್‌ಮಣಿಯೇ ಜನವರಿಯಲ್ಲಿ ಹೇಳಿದ್ದಳು, ಆ ಶಬ್ದ ಡೈರಿಗೆ ಹತ್ತಿದ್ದೂ ಆವಾಗಲೇ. ಹೋಳಿ ಕಳೆದು ತಿಂಗಳಾಯಿತು. ಮಗುವಿನ ಮುಖ ಕಾಣದೆ ಅಳುತ್ತಿದ್ದಾಳೆ.

ಕುಸುಮ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. “ಆಯೇಗೀ,” ಎಂದಳು. ಬರುತ್ತಾಳೆ. ಮತ್ತೆ ನಲುವತ್ತೊಂದನೆಯ ಶಬ್ದವನ್ನೂ ಹುಡುಕಿ ಸೇರಿಸಿದಳು. “ಕಲ್ ಆಯೇಗೀ. ಕಲ್.” ನಾಳೆ ಬರುತ್ತಾಳೆ, ನಾಳೆ.

ಫೂಲ್‌ಮಣಿ ಕಣ್ಣು ಅಗಲ ಮಾಡಿ ಅವಳನ್ನು ನೋಡಿದಳು. ಸಬಿತಾ ಹಣೆ ಚಚ್ಚಿಕೊಂಡು ಪ್ಯಾಕಿಂಗಿನ ಕಡೆ ಓಡಿದಳು. ಗೋವರ್ಧನ ಬಂದವನೇ ಬಾಗಿಲಿನಿಂದಲೇ ಕೂಗಿದ. “ಎಂತ ಕೂಕಂಡಿದ್ರಿ ಕುಸುಮಕ್ಕ! ಉಸ್ರ್, ಉಸ್ರ್! ಉಸ್ರ್ ಬತ್ತಿಲ್ಲೆ ಅಂತಿತ್ತ್ ಅದ್!”

ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಒಯ್ದರು. ಮೂಗಿಗೆ ಮಾಸ್ಕ್ ಕಟ್ಟಿ ಮದ್ದಿನ ಹಬೆ ಕೊಟ್ಟರು. ದೂಳಿಗೆ ಹೀಗೆ ಉಬ್ಬಸ ಏಳುತ್ತದೆ, ಗಾಳಿ ಇರುವಲ್ಲಿ ಕೂರಲಿ ಎಂದರು ಡಾಕ್ಟರು. ಸಂಜೆಗೆ ಫೂಲ್‌ಮಣಿ ನಡೆದುಕೊಂಡೇ ಬಿಡಾರಕ್ಕೆ ಹೋದಳು. ಮೂರು ದಿನ ರಜೆ ಮಾಡಿ ಮತ್ತೆ ಬಂದು ತನ್ನ ಜಾಗದಲ್ಲಿ ಕೂತಳು.

ಕತೆ ಮಾತ್ರ ಕೂರಲಿಲ್ಲ. ಕಟ್ಟಿಂಗಿನ ಹೆಂಗಸರು, ಬಾಯ್ಲರಿನ ಚಂದಯ್ಯ, ಲಾರಿಯವರು, ಯಾರು ಕಂಡರೂ ಒಂದೇ ಪ್ರಶ್ನೆ. “ಕುಸುಮಕ್ಕ, ಅತ್ತೆ ಬಂದ್ರಾ?” ಝಾರ್ಖಂಡಿನವರಿಗೂ ಆ ಎರಡು ಕನ್ನಡ ಶಬ್ದ ಬಾಯಿಪಾಠವಾಯಿತು. ಶೆಟ್ರು ನಗಲಿಲ್ಲ. “ಇದ್ ನಗುವ ವಿಷ್ಯ ಅಲ್ಲ,” ಎಂದರು. “ಮಳೆಗೆ ಇನ್ನ್ ಒಂದೂವರೆ ತಿಂಗ್ಳ್ ಇತ್ತ್. ನಾನ್ ಹೇಳಿದ್ದ್ ನೆನ್ಪಿರ್ಲಿ.”

ಮರುದಿನ ಕುಸುಮ ಗ್ರೇಡಿಂಗಿನ ಮೇಜಿನ ಹತ್ತಿರ ನಿಂತಿದ್ದಳು. ಸುಲಿದ ಬೀಜ ರಾಶಿಯಾಗಿ ಬಂದು ಬೀಳುತ್ತದೆ. ಒಂದು ಪೌಂಡಿಗೆ ನೂರ ಎಂಬತ್ತು ತೂಗುವ ದೊಡ್ಡ ಇಡೀ ಬೀಜ ನೂರ ಎಂಬತ್ತರ ತಟ್ಟೆಗೆ, ಅದಕ್ಕಿಂತ ಸಣ್ಣದು ಇನ್ನೂರ ನಲುವತ್ತಕ್ಕೆ, ಇನ್ನೂ ಸಣ್ಣದು ಮುನ್ನೂರ ಇಪ್ಪತ್ತಕ್ಕೆ. ಉದ್ದಕ್ಕೆ ಸೀಳಿದ್ದು ಹೋಳಿನ ತಟ್ಟೆಗೆ, ಮುರಿದದ್ದು ತುಂಡಿಗೆ. ಪ್ಯಾಕಿಂಗಿನವರು ‘ಇನ್ನೂರ ನಲುವತ್ತು ಕೊಡಿ’ ಎಂದರೆ ಕೈ ಸೀದಾ ಆ ತಟ್ಟೆಗೆ ಹೋಗುತ್ತದೆ. ರಾಶಿಯಲ್ಲಿ ಹುಡುಕಲು ಹೊರಟರೆ ದಿನ ಸಾಲದು.

ಇಷ್ಟು ವರ್ಷ ಬೀಜ ವಿಂಗಡಿಸಿದ ಕೈಯಲ್ಲಿ ಶಬ್ದ ಮಾತ್ರ ರಾಶಿ ಹಾಕಿ ಇಟ್ಟಿದ್ದೆನಲ್ಲ ಎಂದು ಅವಳಿಗೆ ಅನಿಸಿತು.

ಸಂಜೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ಕು ತೆಗೆದುಕೊಂಡಳು. ಡೈರಿಯಿಂದ ಒಂದೊಂದೇ ಎತ್ತಿ ವಿಂಗಡಿಸಲು ಕೂತಳು. ಒಂದು ಪುಟಕ್ಕೆ ‘ಶರೀರ’, ಒಂದಕ್ಕೆ ‘ಬಣ್ಣ’, ಒಂದಕ್ಕೆ ‘ತರಕಾರಿ’, ಒಂದಕ್ಕೆ ‘ಸಂಬಂಧ’. ಹಾಗೆ ಬರೆಯುವಾಗ ಇನ್ನೂರ ತೊಂಬತ್ತೆಂಟಕ್ಕೆ ಬಂದು ಪೆನ್ನು ನಿಂತಿತು. ‘ಸಾಂಸ್ – ಉಸಿರು’ ಎಂದಿತ್ತು. ಅವಳದ್ದೇ ಅಕ್ಷರ. ಟಿವಿಯಲ್ಲಿ ಯೋಗ ಹೇಳಿಕೊಡುವವರು ‘ಸಾಂಸ್ ಲೋ, ಸಾಂಸ್ ಛೋಡೋ’ ಎಂದದ್ದನ್ನು ಕೇಳಿ, ಸೊನ್ನೆ ಸಮೇತ ಬರೆದುಕೊಂಡದ್ದು.

ಹಾಗಾದರೆ ಆ ಶಬ್ದ ಗೊತ್ತಿತ್ತು. ಸಾಲಿನಲ್ಲಿ ನೂರ ಎಂಬತ್ತೈದು ಮನೆ ಕೆಳಗೆ ಇತ್ತು, ಅಷ್ಟೇ. ಮೊದಲು ಸಿಕ್ಕಿದ ಅತ್ತೆಯ ಹತ್ತಿರವೇ ನಿಂತುಬಿಟ್ಟದ್ದು ತಾನು.

‘ಕಲ್’ ಕೂಡ ಎರಡು ಕಡೆ ಇತ್ತು. ನಲುವತ್ತೊಂದರಲ್ಲಿ ನಾಳೆ. ಇನ್ನೂರ ಹನ್ನೆರಡರಲ್ಲಿ ನಿನ್ನೆ. ಎರಡನೆಯದನ್ನು ತಪ್ಪಾಗಿ ಬರೆದೆ ಎಂದು ತಾನೇ ಗೀಟು ಹೊಡೆದಿದ್ದಳು.

ಹೊಸ ಪುಸ್ತಕದಿಂದ ಕೆಲಸ ಸಲೀಸಾಗುತ್ತದೆ ಎಂದುಕೊಂಡರೆ, ಆಗಲಿಲ್ಲ. ಶರೀರದ ಇಪ್ಪತ್ತೆರಡು ಶಬ್ದಗಳನ್ನು ಒಟ್ಟಿಗೆ ಕಲಿಯಹೋದರೆ ಒಂದಕ್ಕೊಂದು ಅಂಟಿಕೊಂಡವು. ‘ಕೊಹನೀ’ ಮೊಣಕೈಯೋ ಮೊಣಕಾಲೋ? ‘ಘುಟ್ನಾ’ ಮೊಣಕಾಲೋ ಕುತ್ತಿಗೆಯೋ? ಹಸಿರು, ಹಳದಿ ಎರಡೂ ಅದಲುಬದಲು. ಡೈರಿಯಲ್ಲಾದರೆ ‘ಹರಾ’ ಎಂದ ಕೂಡಲೇ ಸಬಿತಾಳ ಹಸಿರು ಸೀರೆ ನೆನಪಾಗುತ್ತಿತ್ತು. ಇಲ್ಲಿ ಅದೂ ಇಲ್ಲ.

ಭಾನುವಾರ ಬ್ರಹ್ಮಾವರಕ್ಕೆ ಹೋಗಿ ಬಸ್ಸು ಬದಲಿಸಿ ಕೊಕ್ಕರ್ಣೆಗೆ ಹೋದಳು. ಅಲ್ಲಿ ಅವಳ ಅತ್ತಿಗೆ, ಅಣ್ಣನ ಹೆಂಡತಿ ಗೋಮತಿ ಇದ್ದಾಳೆ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಮುಂಬಯಿಯಲ್ಲಿ ಇದ್ದವಳು. ಹೋದ ಹೊಸತರಲ್ಲಿ ಪೆನ್ನು ಹಿಡಿದು ಹಿಂದಿ ಕಲಿಯಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಆದರೂ ಕಲಿತಳು.

ಗೋಮತಿ ಹರಿವೆ ಸೊಪ್ಪು ಬಿಡಿಸುತ್ತ ಪುಸ್ತಕ ಓದಿಸಿ ಕೇಳಿದಳು. ಶರೀರದ ಪುಟ ಮುಗಿಯುವಷ್ಟರಲ್ಲಿ ನಗು ತಡೆಯಲಿಲ್ಲ.

“ಎಂತದೇ ಕುಸುಮ ಇದ್? ಒಂದ್ ಮನ್ಷನ್ನ ತುಂಡ್ ತುಂಡ್ ಮಾಡಿ ಜೋಡ್ಸಿಟ್ಟಿದ್ಯಲೆ! ಯಾರಾದ್ರೂ ನಿನ್ನ ಹತ್ರ ಬಂದ್ ‘ಮೊಣಕೈ, ಮೊಣಕಾಲ್, ಕುತ್ತಿಗೆ’ ಅಂತ ಪಟ್ಟಿ ಓದ್ತ್ರಾ?”

“ವಿಂಗಡ್ಸಿ ಬರ್ದದ್ದ್ ಅತ್ಗೆ.”

“ವಿಂಗಡ್ಸುದ್ ಸರಿ. ತಟ್ಟೆ ಸರಿ ಇಲ್ಲೆ. ನಾನ್ ಮುಂಬಯಿಯಲ್ಲಿ ಕಲ್ತದ್ದ್ ಹ್ಯಾಂಗೆ ಗೊತ್ತಿತ್ತಾ? ನಲ್ಲಿ ಹತ್ರದ ಮಾತ್ ಒಂದ್, ರೇಷನ್ ಅಂಗ್ಡಿ ಮಾತ್ ಒಂದ್, ಡಾಕ್ಟ್ರ ಹತ್ರ ಹೋಪ ಮಾತ್ ಒಂದ್. ನಲ್ಲಿ ಹತ್ರ ನಿಂತ್ರೆ ನಲ್ಲಿ ಮಾತೇ ಬಾಯಿಗೆ ಬತ್ತಿತ್ತ್. ನೀನ್ ಎಲ್ಲೆಲ್ಲ ನಿಂತ್ ಮಾತಾಡ್ತೆ? ಅದಕ್ಕೊಂದೊಂದ್ ಪುಟ ಮಾಡ್. ಬರೀ ಶಬ್ದ ಬರೀಬೇಡ, ಅವ್ರ್ ಹೇಳುವ ಇಡೀ ಮಾತ್ ಬರಿ.”

“ಮತ್ತೆ ಈ ಅತ್ತೆ?”

“ಅತ್ತೆನ ಮನೆ ಪುಟದಲ್ಲಿ ಕೂರ್ಸ್. ಉಸ್ರನ್ನ ಕಾಯ್ಲೆ ಪುಟದಲ್ಲಿ. ಕಾಯ್ಲೆ ಹೊತ್ತಿಗೆ ನೀನ್ ಮನೆ ಪುಟ ತೆಗೀತ್ಯಾ?” ಗೋಮತಿ ತನ್ನ ಮೂಗು ತೋರಿಸಿದಳು. “ಮತ್ತೆ ಉಸ್ರ್ ಮೂಗಿಂದ ಬಪ್ಪುದಲ್ದಾ, ಆ ಶಬ್ದಕ್ಕೂ ಮೂಗ್ ಬೇಕ್. ಹೇಳ್ ಕಾಂಬ, ಸಾಂಸ್. ಅತ್ತೆಗೆ ಮೂಗ್ ಬೇಡ.”

“ಅತ್ತೆಗೇ ಮೂಗ್ ಉದ್ದ ಇಪ್ಪುದ್ ಅಲ್ದಾ ಅತ್ಗೆ?” ಎಂದಳು ಕುಸುಮ. ಇಬ್ಬರೂ ಕುಸುಮಳ ತಾಯಿಯನ್ನು, ಅಂದರೆ ಗೋಮತಿಯ ಅತ್ತೆಯನ್ನು ನೆನೆದು ಸಾಕಷ್ಟು ನಕ್ಕರು.

ಹಿಂದೆ ಬರುವಾಗ ಬಸ್ಸಿನಲ್ಲೇ ಪುಟಗಳ ತಲೆಬರಹ ಬರೆದಳು. ‘ಬೆಂಚಿನ ಹತ್ತಿರ.’ ‘ಬೋರ್ಮಾದ ಹತ್ತಿರ’. ಬೋರ್ಮಾ ಎಂದರೆ ಬೀಜ ಒಣಗಿಸುವ ಬಿಸಿ ಗೂಡು, ಅಲ್ಲಿ ‘ಗರಂ ಹೈ, ಹಾಥ್ ಮತ್ ಲಗಾನಾ’, ಬಿಸಿ ಇದೆ, ಮುಟ್ಟಬೇಡಿ ಎಂಬುದು ಮೊದಲ ಸಾಲು. ‘ಮೈ ಸರಿ ಇಲ್ಲದಾಗ.’ ‘ರಜೆ ಕೇಳುವಾಗ.’ ‘ಮನೆಯ ಸುದ್ದಿ.’ ‘ಕರೆಂಟು, ಮೆಷಿನು, ಫ್ಯಾನು.’ ಒಂದೊಂದಕ್ಕೂ ನಾಲ್ಕು ಪುಟ ಬಿಟ್ಟಳು, ಮುಂದೆ ಬರುವವುಗಳಿಗೆ ಜಾಗ ಬೇಕಲ್ಲ. ರಜೆಯ ಪುಟದಲ್ಲಿ ‘ಕಲ್’ ಎರಡು ಸಲ ಬಂತು, ಗೀಟಿಲ್ಲದೆ. ‘ಕಲ್ ನಹೀಂ ಆಯೀ ಥೀ’ ಅಂದರೆ ನಿನ್ನೆ ಬಂದಿರಲಿಲ್ಲ. ‘ಕಲ್ ನಹೀಂ ಆವೂಂಗೀ’ ಅಂದರೆ ನಾಳೆ ಬರುವುದಿಲ್ಲ. ಇಡೀ ಮಾತು ಬರೆದ ಮೇಲೆ ಜಗಳವೇ ಇರಲಿಲ್ಲ. ಮೊಣಕಾಲನ್ನು ಶರೀರದಿಂದ ಎತ್ತಿ ಬೆಂಚಿನ ಪುಟಕ್ಕೆ ಹಾಕಿದಳು. ‘ಘುಟ್ನೇ ಮೇ ದರ್ದ್ ಹೈ.’ ಬೆಂಚಿನಲ್ಲಿ ಕೂತವರಿಗೆ ನೋಯುವುದು ಅದೇ.

ಬೆಕ್ಕು, ‘ಆದರೆ’ ಎನ್ನುವ ‘ಲೇಕಿನ್’, ‘ಬಹುಶಃ’ ಎನ್ನುವ ‘ಶಾಯದ್’, ಇಂಥವು ಎಲ್ಲಿಯೂ ಕೂರಲಿಲ್ಲ. ಕೊನೆಯಲ್ಲಿ ‘ತುಂಡು’ ಎಂದು ಒಂದು ಪುಟ ಮಾಡಿ ಅಲ್ಲಿ ಹಾಕಿದಳು.

ಡೈರಿಯನ್ನು ಬಿಸಾಡಲಿಲ್ಲ. ಒಮ್ಮೆ ಅದನ್ನು ಮನೆಯಲ್ಲಿಟ್ಟು ಬಂದ ದಿನ, ಹೊಸ ಶಬ್ದ ಬಿದ್ದಾಗ ಯಾವ ಪುಟಕ್ಕೆ ಎಂದು ಯೋಚಿಸುತ್ತ ಶಬ್ದವನ್ನೇ ಕಳೆದುಕೊಂಡಿದ್ದಳು. ಹಾಗಾಗಿ ಡೈರಿ ಸೊಂಟದ ಚೀಲದಲ್ಲಿ, ಬಿದ್ದದ್ದನ್ನು ಹಿಡಿಯಲು. ಊಟ ಮುಗಿಸಿ ಕಾಲು ಗಂಟೆ, ಹಿಡಿದದ್ದನ್ನು ಪುಸ್ತಕದ ಪುಟಗಳಿಗೆ ಹಂಚುವುದು. ಬೆಳಿಗ್ಗೆ ಬಸ್ಸಿನಲ್ಲಿ ಒಂದು ಪುಟ ಓದಿ, ಅವತ್ತು ಆ ಪುಟದ ಎರಡು ಮಾತನ್ನಾದರೂ ಆಡಿಯೇ ಆಡುವುದು. ಮೇ ಮುಗಿಯುವಾಗ ಅವಳು ತುಟಿ ಅಲ್ಲಾಡಿಸುವುದು ನಿಂತಿತ್ತು. ಗೋವರ್ಧನನೂ ಗಾಡಿಯ ಸುದ್ದಿ ಬಿಟ್ಟಿದ್ದ. ಅತ್ತೆಯ ಸುದ್ದಿ ಮಾತ್ರ ಬಿಟ್ಟಿರಲಿಲ್ಲ.

ಜೂನ್ ಹಿಡಿಯಲು ಇನ್ನೆರಡು ದಿನವಿದೆ ಎನ್ನುವಾಗ, ಬೆಳಿಗ್ಗೆ ಹನ್ನೆರಡು ಹೆಂಗಸರೂ ಒಳಗೆ ಹೋಗದೆ ಅಂಗಳದಲ್ಲಿ ಕೂತುಬಿಟ್ಟರು. ಸೆಕೆಯೆಂದರೆ ಮೈಯಲ್ಲಿ ಬೆವರಿನ ಹೊಳೆ, ಮಳೆ ಬರುವ ಮೊದಲಿನ ಸೆಕೆ. ಶೆಟ್ರು ಕಾರಿನಿಂದ ಇಳಿಯುವಾಗಲೇ ಕಂಡರು.

“ಎಂತ ಇದ್, ಸ್ಟ್ರೈಕಾ?” ಗೋವರ್ಧನನನ್ನೂ ಕರೆದರು, ಕುಸುಮಳನ್ನೂ ಕರೆದರು. ಇವತ್ತೇ ಪರೀಕ್ಷೆ ಎಂದು ಮೂವರಿಗೂ ಗೊತ್ತಿತ್ತು.

ಗೋವರ್ಧನ ಮುಂದೆ ಹೋಗಿ ಚಪ್ಪಾಳೆ ತಟ್ಟಿದ. “ಕ್ಯಾ ಹುವಾ? ಚಲೋ, ಚಲೋ, ಅಂದರ್ ಚಲೋ!” ಯಾರೂ ಏಳಲಿಲ್ಲ. ಅವನ ಹಿಂದಿ ಸರಿಯಾಗಿಯೇ ಇತ್ತು. ಕ್ಯಾ ಹುವಾ, ಏನಾಯಿತು ಎಂದು ಕೇಳಿದವನು ಉತ್ತರಕ್ಕೆ ಕಾಯಲಿಲ್ಲ, ಅಷ್ಟೇ. ಫೂಲ್‌ಮಣಿ ಮುಖ ತಿರುಗಿಸಿದಳು.

ಕುಸುಮ ಅವಳೆದುರು ನೆಲದಲ್ಲಿ ಕೂತಳು. ಮಂಡಿ ಕಟಕ್ ಅಂದಿತು. “ಕ್ಯಾ ಹುವಾ, ಫೂಲ್‌ಮಣಿ?” ಎಂದು ಕೇಳಿ ಸುಮ್ಮನೆ ಕಾದಳು.

“ಅಂದರ್ ದಮ್ ಘುಟ್ತಾ ಹೈ, ದೀದೀ.”

ಘುಟ್ತಾ. ಕುಸುಮಳ ತಲೆ ಥಟ್ಟನೆ ಘುಟ್ನಾಕ್ಕೆ ಓಡಿತು. ಮೊಣಕಾಲು. ಎಲ್ಲರೂ ಮೊಣಕಾಲು ತಬ್ಬಿಕೊಂಡೇ ಕೂತಿದ್ದಾರೆ, ಇಡೀ ದಿನ ಕೂತು ಸುಲಿಯುವವರು. ಸರಿಯಾಗಿ ಹೊಂದುತ್ತದೆ. ‘ಕಾಲು ನೋವಂತೆ’ ಎಂದು ಶೆಟ್ರಿಗೆ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅತ್ತೆಯೂ ಅವತ್ತು ಹೀಗೇ ಸರಿಯಾಗಿ ಹೊಂದಿದ್ದಳು.

ಪುಸ್ತಕ ತೆಗೆದಳು. ಬೆಂಚಿನ ಪುಟ ಬಿಡಿಸಿ ತನ್ನ ಮಂಡಿ ಮುಟ್ಟಿ ಕೇಳಿದಳು. “ಘುಟ್ನೇ ಮೇ ದರ್ದ್ ಹೈ?”

“ನಹೀಂ, ನಹೀಂ.”

ಎಂಟು ಪುಟ ಮುಂದೆ ತಿರುಗಿಸಿ ‘ಮೈ ಸರಿ ಇಲ್ಲದಾಗ’ ತೆಗೆದಳು. ಎದೆ ಮುಟ್ಟಿ, ಮೂಗಿನಿಂದಲೇ ಓದಿದಳು. “ಸಾಂಸ್ ಲೇನೇ ಮೇ ತಕ್ಲೀಫ್ ಹೈ?”

“ಹಾಂ, ದೀದೀ! ವಹೀ!” ಹನ್ನೆರಡು ತಲೆಗಳೂ ಅಲ್ಲಾಡಿದವು.

ಉಸಿರು ಕಟ್ಟುವುದಾದರೆ ಗಾಳಿ ಇಲ್ಲ. ಗಾಳಿ ಇಲ್ಲವಾದರೆ ‘ಕರೆಂಟು, ಮೆಷಿನು, ಫ್ಯಾನು’. ಆ ಪುಟಕ್ಕೆ ಹೋಗಿ ಕೇಳಿದಳು. “ಪಂಖಾ ಬಂದ್ ಹೈ? ಕಬ್ ಸೇ?” ಫ್ಯಾನು ನಿಂತಿದೆಯಾ, ಯಾವಾಗಿಂದ?

ಫೂಲ್‌ಮಣಿ ಬೆರಳು ಎತ್ತಿ ಹಿಂದಿನ ಕೋಣೆಯ ಗೋಡೆಯ ಮೇಲ್ಭಾಗ ತೋರಿಸಿದಳು. ಚೀಲದ ಅಟ್ಟಿಯ ಹಿಂದೆ ಗಾಳಿ ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನು ಇತ್ತು. ಅಟ್ಟಿ ಏರಿದ ಮೇಲೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೆಷಿನಿನ ಗಲಾಟೆಯಲ್ಲಿ ಅದು ತಿರುಗುವ ಸದ್ದೂ, ನಿಂತ ಸದ್ದೂ ಒಂದೇ.

“ಹೋಲೀ ಸೇ,” ಎಂದಳು. ಹೋಳಿಯಿಂದ. ಮತ್ತೆ, “ಆಪ್ ಕೋ ಬತಾಯಾ ಥಾ.” ನಿಮಗೆ ಹೇಳಿದ್ದೆ.

ಕುಸುಮ ಸೊಂಟದ ಚೀಲದಿಂದ ಡೈರಿ ತೆಗೆದಳು. ಹುಡುಕುವುದು ಕಷ್ಟವಾಗಲಿಲ್ಲ, ಹೋಳಿಯ ಆಚೀಚೆ ಎಂದು ಗೊತ್ತಿದ್ದರೆ ಡೈರಿಯಲ್ಲಿ ಸಿಗುತ್ತದೆ. ಇನ್ನೂರ ಎಪ್ಪತ್ತೊಂದು, ಪಂಖಾ, ಫ್ಯಾನು. ಇನ್ನೂರ ಎಪ್ಪತ್ತೆರಡು, ಖರಾಬ್, ಹಾಳು. ಅಂದು ಫೂಲ್‌ಮಣಿ ಬಂದು ಪಂಖಾ ಖರಾಬ್ ಹೈ ಎಂದಾಗ, ಒಂದೇ ಸಲ ಎರಡು ಹೊಸ ಶಬ್ದ ಸಿಕ್ಕಿತೆಂದು ಖುಷಿಪಟ್ಟು ಬರೆದುಕೊಂಡು, ‘ಧನ್ಯವಾದ್’ ಹೇಳಿ ಕಳಿಸಿದ್ದು ನೆನಪಾಯಿತು.

ಅವಳು ಎದ್ದು ಶೆಟ್ರ ಹತ್ತಿರ ಹೋದಳು. ಎದ್ದು ನಿಲ್ಲಲು ಗೋವರ್ಧನನೇ ಹತ್ತಿರ ಬಂದು ಕೈ ಕೊಟ್ಟ.

“ಸ್ಟ್ರೈಕ್ ಅಲ್ಲ ಶೆಟ್ರೆ. ಹಿಂದಿನ ಕೋಣೆ ಎಕ್ಸಾಸ್ಟ್ ಫ್ಯಾನ್ ಹಾಳಾಯ್ತ್. ದೂಳ್ ಹೊರ್ಗೆ ಹೋತಿಲ್ಲೆ, ಒಳ್ಗೆ ಉಸ್ರ್ ಕಟ್ಟತ್ತಂಬ್ರ್. ಫೂಲ್‌ಮಣಿಗೆ ಅವತ್ತ್ ಆದ್ದೂ ಅದ್ರಿಂದ್ಲೇ ಇರ್ಕ್.” ಅವಳು ಡೈರಿಯನ್ನು ಬಿಡಿಸಿಯೇ ಹಿಡಿದಿದ್ದಳು. “ಅವ್ರ್ ಹೋಳಿ ಹೊತ್ತಿಗೇ ನಂಗೆ ಹೇಳಿದ್ರ್. ನಾನ್ ಬರ್ಕಂಡೆ. ಕೇಳ್ಲಿಲ್ಲೆ.”

ಈ ಕೊನೆಯ ಮಾತು ಹೇಳದಿದ್ದರೂ ನಡೆಯುತ್ತಿತ್ತು. ಶೆಟ್ರಿಗೆ ಹಿಂದಿ ಬಾರದು, ಫೂಲ್‌ಮಣಿ ಅದನ್ನು ಹೇಳುವಾಗ ಗೋವರ್ಧನ ದೂರ ನಿಂತಿದ್ದ. ಶೆಟ್ರು ಡೈರಿಯ ಎರಡು ಸಾಲನ್ನು ಓದಿದರು. ನಂಬರು ಸಮೇತ ಓದಿದರು. ಆಮೇಲೆ ಅವಳ ಇನ್ನೊಂದು ಕೈಯಲ್ಲಿದ್ದ ಉದ್ದ ಪುಸ್ತಕ ನೋಡಿದರು.

“ಆ ಫ್ಯಾನಿನ ಎದ್ರಿಗೆ ಚೀಲ ಒಟ್ಟುಕೆ ಹೇಳಿದ್ದ್ ನಾನೇ,” ಎಂದರು. ಮತ್ತೆ ಎಲೆಕ್ಟ್ರಿಷಿಯನ್ ನಾಗನಿಗೆ ಫೋನು ಮಾಡಿ, ಇದ್ದಲ್ಲಿಂದ ಹೊರಟು ಬಾ ಎಂದರು. ಫೋನು ಜೇಬಿಗೆ ಹಾಕುತ್ತ ತಿರುಗಿದರು. “ಗೋವರ್ಧನ, ನೀನ್ ಪ್ಯಾಕಿಂಗಿಗೆ ಹೋಯ್, ಲೋಡ್ ಇತ್ತ್. ಕುಸುಮಕ್ಕ, ಫ್ಯಾನ್ ಆಪಲ್ಲಿವರೆಗೆ ಅವ್ರನ್ನ ಎಲ್ಲಿ ಕೂರ್ಸುದಂತ ನೀವೇ ಕಾಣಿ.”

ಅಷ್ಟೇ ಹೇಳಿದ್ದು. ಆ ಬಳಿಕ ಸೂಪರ್‌ವೈಸರ್ ಮಾತು ಯಾರೂ ಎತ್ತಲಿಲ್ಲ.

ನಾಗ ಬಂದ, ಚೀಲ ಇಳಿಸಿದರು, ಫ್ಯಾನು ಬಿಚ್ಚಿದರು. ಬೀಜದ ಕೆಂಪು ಸಿಪ್ಪೆಯ ಹುಡಿ ಒಂದು ಮೊರದಷ್ಟು ಬಿತ್ತು. ಮೋಟಾರು ಸುಟ್ಟಿತ್ತು. ಪೇಟೆಯಿಂದ ಬೇರೆ ತಂದು ಕೂರಿಸುವಾಗ ಮಧ್ಯಾಹ್ನ ಮೂರು ಗಂಟೆ. ಅದುವರೆಗೆ ಹನ್ನೆರಡು ಜನ ಗ್ರೇಡಿಂಗಿನ ಕೋಣೆಯಲ್ಲಿ ಕೂತು ಸುಲಿದರು. ಕುಸುಮ ‘ಮೈ ಸರಿ ಇಲ್ಲದಾಗ’ ಪುಟದಲ್ಲಿ ‘ದಮ್ ಘುಟ್ತಾ ಹೈ – ಉಸಿರು ಕಟ್ಟುತ್ತದೆ’ ಎಂದು ಬರೆದು, ಪಕ್ಕದಲ್ಲಿ ಸಣ್ಣಗೆ ‘ಮೊಣಕಾಲು ಅಲ್ಲ, ಬೆಂಚಿನ ಪುಟ ನೋಡು’ ಎಂದು ಸೇರಿಸಿದಳು.

ನಾಗ ಸ್ವಿಚ್ಚು ಹಾಕಿದ. ಫ್ಯಾನು ಒಮ್ಮೆ ಗೊರಗೊರ ಎಂದು ಆಮೇಲೆ ಹದವಾಗಿ ತಿರುಗಿತು. ನೆಲದಲ್ಲಿ ಬಿದ್ದಿದ್ದ ಸಿಪ್ಪೆ ಸಾಲುಗಟ್ಟಿ ಗೋಡೆಯ ಕಡೆ ಸರಿಯತೊಡಗಿತು. ಫೂಲ್‌ಮಣಿ ಅದರ ಕೆಳಗೆ ಹೋಗಿ ನಿಂತು, ಸೆರಗು ಸರಿಮಾಡಿಕೊಂಡು, ಎದೆ ತುಂಬ ಒಂದು ಸಲ ಉಸಿರೆಳೆದಳು. ಬಿಟ್ಟಳು. ಕುಸುಮಳ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ, ತನಗೆ ಬರುವ ಒಂದೇ ಒಂದು ಕನ್ನಡದ ಮಾತನ್ನು ಹೇಳಿದಳು.

“ಅತ್ತೆ ಬಂದ್ರ್, ದೀದೀ.”